ಹಾಲಿನ ಪ್ಯಾಕೆಟ್, ಮೊಸರಿನ ಡಬ್ಬಿ: ಎರಡು ಬ್ರ್ಯಾಂಡ್‌ಗಳನ್ನು ಸರಿಯಾಗಿ ಹೋಲಿಸುವುದು ಹೇಗೆ?

ಆ ಬ್ರ್ಯಾಂಡಿನ ಹಾಲು ಗಟ್ಟಿ, ಈ ಬ್ರ್ಯಾಂಡಿನದು ನೀರು. ಅವರ ಮೊಸರು ಸಿಹಿ, ಇವರದು ಬರೀ ಹುಳಿ. ಹಾಗಾದರೆ ಯಾವುದನ್ನು ಕೊಳ್ಳಬೇಕು? ಓದುಗರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ನಾನು ತಿರುಗಿ ಕೇಳುವುದು ಎರಡೇ ಮಾತು. ಎರಡೂ ಒಂದೇ ಬಗೆಯ ಹಾಲಾ? ಎರಡೂ ಒಂದೇ ವಯಸ್ಸಿನ ಮೊಸರಾ? ಆಗ ಪ್ಯಾಕೆಟ್ ತಿರುಗಿಸಿ ನೋಡುತ್ತಾರೆ. ಒಂದು ಟೋನ್ಡ್ ಹಾಲು, ಇನ್ನೊಂದು ಫುಲ್ ಕ್ರೀಮ್. ಒಂದು ಮೊಸರು ನಿನ್ನೆಯದು, ಇನ್ನೊಂದು ಹೋದ ವಾರದ್ದು. ಬ್ರ್ಯಾಂಡಿನ ಗುಣ ಅಂತ ನಾವು ಹೇಳುವುದರಲ್ಲಿ ಬಹುಪಾಲು ಇಂಥ ವ್ಯತ್ಯಾಸವೇ.

ಇಲ್ಲಿರುವ ಕ್ರಮ ಮನೆಯಲ್ಲೇ ಮಾಡುವಂಥದ್ದು. ಹೋಲಿಸಬೇಕಾದ ಪ್ಯಾಕೆಟ್‌ಗಳು, ಒಂದೇ ಅಳತೆಯ ನಾಲ್ಕು ಲೋಟ, ಒಂದು ಟೀ ಚಮಚ ಇದ್ದರೆ ಸಾಕು. ಅಡುಗೆ ಥರ್ಮಾಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಪ್ಯಾಕೆಟ್ ಹಿಂದಿನ ಅಕ್ಷರ ಇರುವೆ ಸಾಲಿನಂತೆ ಇರುವುದರಿಂದ ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿಕೊಂಡು ಓದಿ.

ಹಂತ 1: ಮೊದಲು ಹಾಲಿನ ಬಗೆ ನೋಡಿ, ಬ್ರ್ಯಾಂಡ್ ಆಮೇಲೆ

ಪ್ಯಾಕೆಟ್ಟಿನ ಬಣ್ಣ ನಂಬಬೇಡಿ. ಒಂದು ಕಂಪನಿಯ ನೀಲಿ, ಇನ್ನೊಂದು ಕಂಪನಿಯ ನೀಲಿ ಒಂದೇ ಆಗಿರಬೇಕಿಲ್ಲ. ಹೆಸರಿನ ಕೆಳಗೆ ಸಣ್ಣದಾಗಿ ಬರೆದಿರುವ ಬಗೆ ಹುಡುಕಿ. ಭಾರತದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಪ್ರತಿ ಬಗೆಗೂ ಎರಡು ಅಂಕಿ ಕಟ್ಟಿಹಾಕಿದೆ. ಒಂದು ಕೊಬ್ಬು, ಅಂದರೆ ಜಿಡ್ಡು. ಇನ್ನೊಂದು ಎಸ್‌ಎನ್‌ಎಫ್. ಹಾಲಿನಿಂದ ನೀರು ಮತ್ತು ಜಿಡ್ಡು ತೆಗೆದರೆ ಉಳಿಯುವ ಪ್ರೋಟೀನ್, ಹಾಲಿನ ಸಕ್ಕರೆ, ಖನಿಜ ಎಲ್ಲ ಸೇರಿ ಎಸ್‌ಎನ್‌ಎಫ್.

- ಫುಲ್ ಕ್ರೀಮ್: ಕೊಬ್ಬು ಕನಿಷ್ಠ 6%, ಎಸ್‌ಎನ್‌ಎಫ್ 9%
- ಸ್ಟ್ಯಾಂಡರ್ಡೈಸ್ಡ್: 4.5% ಮತ್ತು 8.5%
- ಟೋನ್ಡ್: 3% ಮತ್ತು 8.5%
- ಡಬಲ್ ಟೋನ್ಡ್: 1.5% ಮತ್ತು 9%

ಡಬಲ್ ಟೋನ್ಡ್ ಸಾಲನ್ನು ಇನ್ನೊಮ್ಮೆ ನೋಡಿ. ಜಿಡ್ಡು ಕಡಿಮೆ, ಆದರೆ ಎಸ್‌ಎನ್‌ಎಫ್ ಟೋನ್ಡ್‌ಗಿಂತ ಜಾಸ್ತಿ. "ನೀರು ಹಾಲು" ಅಂತ ಅದನ್ನು ಬೈಯುವವರು ಇದನ್ನು ಗಮನಿಸಿರುವುದಿಲ್ಲ. ಬಾಯಿಗೆ ತೆಳ್ಳಗೆ ಅನಿಸುವುದು ಜಿಡ್ಡು ಇಲ್ಲದ್ದಕ್ಕೆ, ಪ್ರೋಟೀನ್ ಇಲ್ಲದ್ದಕ್ಕಲ್ಲ.

ಟೋನ್ಡ್ ಅನ್ನುವುದು ಕಲಬೆರಕೆಯ ಮರ್ಯಾದಸ್ಥ ಹೆಸರಾ ಅಂತಲೂ ಕೆಲವರು ಕೇಳುತ್ತಾರೆ. ಅಲ್ಲ. ಜಿಡ್ಡು ಜಾಸ್ತಿ ಇರುವ ಹಾಲಿಗೆ ಕೆನೆ ತೆಗೆದ ಹಾಲನ್ನೋ, ಕೆನೆ ತೆಗೆದ ಹಾಲಿನ ಪುಡಿ ಮತ್ತು ನೀರನ್ನೋ ಸೇರಿಸಿ ಲೆಕ್ಕಕ್ಕೆ ತರುವ ವಿಧಾನ ಅದು. ಮುಂಬೈಯಲ್ಲಿ ದಾರಾ ಖುರೋಡಿ ಇದನ್ನು ಶುರು ಮಾಡಿದ್ದು, ಇರುವ ಎಮ್ಮೆ ಹಾಲು ಹೆಚ್ಚು ಮನೆಗಳಿಗೆ ಕಡಿಮೆ ಬೆಲೆಗೆ ತಲುಪಲಿ ಅಂತ.

ಇಲ್ಲಿ ಎಡವುವುದು ಹೀಗೆ: ಮೇಲಿನವು ಕನಿಷ್ಠ ಅಂಕಿಗಳು. ಒಂದೇ ಬಗೆಯ ಎರಡು ಬ್ರ್ಯಾಂಡ್‌ಗಳಲ್ಲಿ ಸ್ವಲ್ಪ ಆಚೀಚೆ ಇರಬಹುದು. ಇನ್ನೊಂದು, ಮುಂಭಾಗದಲ್ಲಿ 3% ಅಂತಲೂ ಹಿಂಭಾಗದಲ್ಲಿ 100 ಮಿಲಿಗೆ 3.1 ಗ್ರಾಂ ಅಂತಲೂ ಕಂಡರೆ ಗಾಬರಿ ಬೇಡ. ಶೇಕಡಾ ಲೆಕ್ಕ ತೂಕದ್ದು. 100 ಮಿಲಿ ಹಾಲು ಸುಮಾರು 103 ಗ್ರಾಂ ತೂಗುತ್ತದೆ. ಎರಡೂ ಒಂದೇ.

ಹಂತ 2: ಹಿಂಭಾಗದ ಪಟ್ಟಿಯಲ್ಲಿ ಪ್ರೋಟೀನ್ ಸಾಲು ಓದಿ

ಎಲ್ಲರೂ ಕೊಬ್ಬಿನ ಸಾಲು ಓದಿ ನಿಲ್ಲಿಸುತ್ತಾರೆ. ಮೊಸರಿನ ವಿಷಯಕ್ಕೆ ಬಂದರೆ ನನಗೆ ಪ್ರೋಟೀನ್ ಸಾಲೇ ಮುಖ್ಯ.

ಒಂದು ಉದಾಹರಣೆ ನೋಡೋಣ. ಎರಡು ಡಬ್ಬಿ ಮೊಸರು, ಎರಡರಲ್ಲೂ ಕೊಬ್ಬು 100 ಗ್ರಾಂಗೆ 3 ಗ್ರಾಂ ಆಸುಪಾಸು. ಒಂದರಲ್ಲಿ ಪ್ರೋಟೀನ್ 3.1, ಇನ್ನೊಂದರಲ್ಲಿ 4.4. ಸಾದಾ ಹಾಲಿನಲ್ಲಿ ಇರುವುದೇ 3ರಿಂದ 3.5ರ ಸುತ್ತ. ಹಾಗಾದರೆ 4.4 ಬಂದಿದ್ದು ಎಲ್ಲಿಂದ? ಹೆಪ್ಪು ಹಾಕುವ ಮೊದಲು ಹಾಲಿನ ಪುಡಿ ಸೇರಿಸಿದ್ದಾರೆ, ಅಥವಾ ಹಾಲಿನಲ್ಲಿನ ನೀರು ಕಡಿಮೆ ಮಾಡಿದ್ದಾರೆ. ಪದಾರ್ಥಗಳ ಪಟ್ಟಿಯಲ್ಲಿ "ಮಿಲ್ಕ್ ಸಾಲಿಡ್ಸ್" ಅಂತ ಕಂಡರೆ ಪುಡಿಯೇ ಅಂತ ತಿಳಿಯಬಹುದು. ಇದು ಮೋಸ ಅಲ್ಲ. ಆದರೆ ಈ ಡಬ್ಬಿ ಗಟ್ಟಿ ಇದೆ, ಆದ್ದರಿಂದ ಅವರ ಹಾಲೇ ಗಟ್ಟಿ ಅನ್ನುವ ತೀರ್ಮಾನ ಮಾತ್ರ ತಪ್ಪು. ಬಟ್ಟೆಯಲ್ಲಿ ಕಟ್ಟಿ ನೀರು ಸೋಸಿದಂತೆ ಮಾಡುವ ಗ್ರೀಕ್ ಯೋಗರ್ಟ್‌ನಲ್ಲಿ ಈ ಅಂಕಿ ಇನ್ನೂ ಮೇಲೆ ಹೋಗುತ್ತದೆ. ಅದನ್ನು ಸಾದಾ ಮೊಸರಿನ ಪಕ್ಕ ಇಟ್ಟು ಹೋಲಿಸುವುದೇ ಬೇಡ.

ಹೋಲಿಸುವಾಗ 100 ಗ್ರಾಂ ಸಾಲನ್ನೇ ನೋಡಿ. ಪಕ್ಕದಲ್ಲಿ "ಒಂದು ಸರ್ವಿಂಗ್‌ಗೆ" ಅನ್ನುವ ಸಾಲು ಬೇರೆ ಇರುತ್ತದೆ. ಒಬ್ಬರಿಗೆ ಒಂದು ಸರ್ವಿಂಗ್ ಅಂದರೆ ದೊಡ್ಡ ಬಟ್ಟಲು, ಇನ್ನೊಬ್ಬರಿಗೆ ಸಣ್ಣ ಕಪ್.

ಒಂದು ಮಾತು ಹೆಸರಿನ ಬಗ್ಗೆ. ಡಬ್ಬಿಯ ಮೇಲೆ ಕರ್ಡ್ ಅಂತಿರಲಿ, ದಹಿ ಅಂತಿರಲಿ, ಮೊಸರು ಅಂತಿರಲಿ, ಪದಾರ್ಥ ಒಂದೇ. 2023ರ ಮಾರ್ಚ್‌ನಲ್ಲಿ ದಹಿ ಅನ್ನುವ ಹೆಸರಿನ ಬಗ್ಗೆ ಗಲಾಟೆ ಆದ ಮೇಲೆ, ಕರ್ಡ್ ಜೊತೆಗೆ ಆಯಾ ಭಾಷೆಯ ಹೆಸರನ್ನೂ ಹಾಕಬಹುದು ಅಂತ ಪ್ರಾಧಿಕಾರವೇ ಹೇಳಿತು. ಯೋಗರ್ಟ್ ಮಾತ್ರ ಬೇರೆ. ಅದರ ವಿಷಯ ಹಂತ 5ರಲ್ಲಿದೆ.

ಹಂತ 3: ಹಾಲನ್ನು ಏನು ಮಾಡಿದ್ದಾರೆ ಅಂತ ತಿಳಿಯಿರಿ

ಇಲ್ಲಿ ಮೂರು ಪದ ಸಿಗುತ್ತವೆ.

ಪಾಶ್ಚರೈಸ್ಡ್ ಅಂದರೆ ಹಾಲನ್ನು ಸಾಮಾನ್ಯವಾಗಿ 72 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, 15 ಸೆಕೆಂಡ್ ಹಿಡಿದಿಟ್ಟು, ತಕ್ಷಣ ತಣ್ಣಗೆ ಮಾಡಿದ್ದಾರೆ ಎಂದರ್ಥ. ರೋಗ ತರುವ ಸೂಕ್ಷ್ಮಜೀವಿಗಳು ಸಾಯುತ್ತವೆ, ಎಲ್ಲವೂ ಸಾಯುವುದಿಲ್ಲ. ಅದಕ್ಕೇ ಫ್ರಿಜ್ ಬೇಕು, ಅದಕ್ಕೇ ಬಾಳಿಕೆ ಕಡಿಮೆ.

ಯುಎಚ್‌ಟಿ ಅಂದರೆ 135 ಡಿಗ್ರಿಗೂ ಮೇಲೆ ಕೆಲವೇ ಸೆಕೆಂಡ್ ಕಾಯಿಸಿ, ಕ್ರಿಮಿಯಿಲ್ಲದಂತೆ ಮಾಡಿದ ಪೊಟ್ಟಣಕ್ಕೆ ಗಾಳಿ ಸೋಕದಂತೆ ತುಂಬಿದ್ದು. ಒಡೆಯದೆ ಇದ್ದರೆ ಹೊರಗೇ ತಿಂಗಳುಗಟ್ಟಲೆ ಇರುತ್ತದೆ. "ಅಷ್ಟು ದಿನ ಇರಬೇಕಾದರೆ ಏನೋ ಔಷಧಿ ಹಾಕಿರ್ತಾರೆ" ಅನ್ನುವ ಮಾತು ಬಹಳ ಕೇಳಿದ್ದೇನೆ. ಹಾಕುವುದಿಲ್ಲ, ಬೇಕಾಗಿಯೂ ಇಲ್ಲ. ಒಳಗೆ ಕೆಡಿಸುವವರೇ ಉಳಿದಿರುವುದಿಲ್ಲ. ಆದರೆ ಕತ್ತರಿ ಹಾಕಿದ ಕ್ಷಣದಿಂದ ಅದೂ ಸಾದಾ ಹಾಲೇ. ಫ್ರಿಜ್‌ಗೆ ಹೋಗಬೇಕು, ಎರಡು ಮೂರು ದಿನದಲ್ಲಿ ಮುಗಿಯಬೇಕು. ಯುಎಚ್‌ಟಿಯಲ್ಲೂ ಟೋನ್ಡ್, ಫುಲ್ ಕ್ರೀಮ್ ಎಲ್ಲ ಇರುತ್ತವೆ. ಡಬ್ಬ ದುಬಾರಿ ಅಂದ ಮಾತ್ರಕ್ಕೆ ಜಿಡ್ಡು ಜಾಸ್ತಿ ಇರುತ್ತದೆ ಅಂತಲ್ಲ.

ಮೂರನೆಯದು ಹೋಮೋಜನೈಸ್ಡ್. ತಪ್ಪು ತಿಳಿವಳಿಕೆ ಜಾಸ್ತಿ ಇರುವುದು ಇದರ ಬಗ್ಗೆಯೇ. ಹಾಲಿನ ಜಿಡ್ಡು ಸಣ್ಣ ಸಣ್ಣ ಹನಿಗಳಾಗಿ ತೇಲುತ್ತಿರುತ್ತದೆ. ಹಾಲನ್ನು ಭಾರಿ ಒತ್ತಡದಲ್ಲಿ ಕೂದಲಿನಂಥ ಸಂದಿಯಿಂದ ತಳ್ಳಿದಾಗ ಆ ಹನಿಗಳು ಒಡೆದು ಇನ್ನೂ ಸಣ್ಣದಾಗುತ್ತವೆ. ಅಷ್ಟು ಸಣ್ಣ ಹನಿ ಮೇಲೆ ಬಂದು ಸೇರುವುದಿಲ್ಲ. ಹಾಗಾಗಿ ಕೆನೆ ದಪ್ಪ ಕಟ್ಟುವುದಿಲ್ಲ. ಜಿಡ್ಡು ಎಲ್ಲೂ ಹೋಗಿಲ್ಲ, ಹಾಲಿನ ತುಂಬ ಹರಡಿಕೊಂಡಿದೆ. ಫುಲ್ ಕ್ರೀಮ್ ಹಾಲು ತಂದು, ಕಾಯಿಸಿ, ಕೆನೆ ಬರಲಿಲ್ಲ ಅಂತ ಬೇಜಾರಾಗುವವರು ಮೊದಲು ಈ ಪದ ಇದೆಯಾ ನೋಡಬೇಕು. ಇದ್ದರೆ, ಹೋಮೋಜನೈಸ್ ಆಗದ ಸ್ಟ್ಯಾಂಡರ್ಡೈಸ್ಡ್ ಹಾಲು ಇದಕ್ಕಿಂತ ದಪ್ಪ ಕೆನೆ ಕಟ್ಟಬಹುದು.

ಕೆನೆ ಕೂಡಿಟ್ಟು ಬೆಣ್ಣೆ ತೆಗೆಯುವವರಿಗೆ ಹೋಮೋಜನೈಸ್ ಆದ ಹಾಲು ಬೇಡ. ಕಾಫಿ, ಟೀಗೆ ಮಾತ್ರ ಅದೇ ಚೆನ್ನ. ಬಿಳುಪೂ ಜಾಸ್ತಿ, ಬಾಯಿಗೂ ದಪ್ಪ ಅನಿಸುತ್ತದೆ.

ಹಂತ 4: ನಾಲ್ಕು ಲೋಟದ ಪರೀಕ್ಷೆ

ಓದಿದ್ದು ಸಾಕು, ಈಗ ಹೆಪ್ಪು ಹಾಕೋಣ. "ಯಾವ ಹಾಲಿನಲ್ಲಿ ಮೊಸರು ಗಟ್ಟಿ ಬರುತ್ತದೆ" ಅನ್ನುವುದಕ್ಕೆ ಇದಕ್ಕಿಂತ ನೇರ ಉತ್ತರ ಇಲ್ಲ.

ನಾನು ತೆಗೆದುಕೊಂಡಿದ್ದು ಒಂದು ಪ್ಯಾಕೆಟ್ ಟೋನ್ಡ್, ಒಂದು ಪ್ಯಾಕೆಟ್ ಫುಲ್ ಕ್ರೀಮ್, ಒಂದು ಡಬ್ಬ ಯುಎಚ್‌ಟಿ ಟೋನ್ಡ್. ಲೋಟಗಳು ನಾಲ್ಕು, ಪ್ರತಿಯೊಂದಕ್ಕೂ 200 ಮಿಲಿ ಹಾಲು.

ಮೊದಲ ಲೋಟಕ್ಕೆ ಟೋನ್ಡ್ ಹಾಲನ್ನು ಸುಮ್ನೆ ಉಗುರುಬೆಚ್ಚಗೆ ಮಾಡಿ ಹಾಕಿದೆ, ಕುದಿಸಲಿಲ್ಲ. ಎರಡನೆಯದಕ್ಕೆ ಅದೇ ಟೋನ್ಡ್ ಹಾಲನ್ನು ಉಕ್ಕು ಬರುವವರೆಗೆ ಕಾಯಿಸಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಟ್ಟು, ಆರಿಸಿ ಹಾಕಿದೆ. ಮೂರನೆಯದು ಹಾಗೆಯೇ ಕಾಯಿಸಿದ ಫುಲ್ ಕ್ರೀಮ್. ನಾಲ್ಕನೆಯದು ಯುಎಚ್‌ಟಿ, ಕುದಿಸದೆ ಬೆಚ್ಚಗೆ ಮಾಡಿದ್ದು. ಎಲ್ಲವೂ 42 ಡಿಗ್ರಿ ಹತ್ತಿರ ಇದ್ದಾಗ ಒಂದೇ ಮೊಸರಿನಿಂದ ಅರ್ಧರ್ಧ ಟೀ ಚಮಚ ಹೆಪ್ಪು ಹಾಕಿ ಕಲಸಿದೆ. ಥರ್ಮಾಮೀಟರ್ ಇಲ್ಲದವರು ಶುಚಿಯಾದ ಬೆರಳು ಅದ್ದಿ ನೋಡಿ. ಹತ್ತು ಎಣಿಸುವವರೆಗೆ ಆರಾಮಾಗಿ ಇಡುವಂತಿರಬೇಕು, ಆದರೆ ಬಿಸಿ ಅಂತ ಗೊತ್ತಾಗಬೇಕು. ನಾಲ್ಕೂ ಲೋಟ ಒಂದೇ ಮುಚ್ಚಿದ ಪಾತ್ರೆಯೊಳಗೆ, ದಪ್ಪ ಬಟ್ಟೆ ಸುತ್ತಿ ಆರು ಗಂಟೆ. ಮಧ್ಯದಲ್ಲಿ ಅಲುಗಾಡಿಸಬಾರದು. ಆಮೇಲೆ ರಾತ್ರಿಯಿಡೀ ಫ್ರಿಜ್.

ಬೆಳಿಗ್ಗೆ ಚಮಚದಿಂದ ಒಂದು ಕಡೆ ಕತ್ತರಿಸಿ ನೋಡಿದೆ. ಮೂರನೆಯದು, ಫುಲ್ ಕ್ರೀಮ್, ಎಲ್ಲಕ್ಕಿಂತ ಗಟ್ಟಿ, ಮೇಲೆ ಹಳದಿ ಕೆನೆ. ಇದು ಎಲ್ಲರೂ ಊಹಿಸಿದ್ದೇ. ಅಚ್ಚರಿ ಇದ್ದದ್ದು ಮೊದಲ ಎರಡರಲ್ಲಿ. ಒಂದೇ ಪ್ಯಾಕೆಟ್ಟಿನ ಹಾಲು, ಒಂದೇ ಹೆಪ್ಪು. ಎರಡನೆಯ ಲೋಟದಲ್ಲಿ ಚಮಚದ ಗುರುತು ನೆಟ್ಟಗೆ ನಿಂತಿತು. ಮೊದಲನೆಯದರಲ್ಲಿ ಗುಂಡಿಯ ಅಂಚು ಕುಸಿದು, ಐದು ನಿಮಿಷದೊಳಗೆ ಹಳದಿ ಮಿಶ್ರಿತ ಹಸಿರು ನೀರು ತುಂಬಿಕೊಂಡಿತು. ಯುಎಚ್‌ಟಿ ಲೋಟದ್ದು ನುಣ್ಣಗೆ, ಮೆತ್ತಗೆ. ನೀರು ಅಷ್ಟಾಗಿ ಬಿಡಲಿಲ್ಲ, ಆದರೆ ಗಟ್ಟಿಯೂ ಅಲ್ಲ.

ಕಾರಣ ಪ್ರೋಟೀನಿನಲ್ಲಿದೆ. ಹಾಲಿನಲ್ಲಿ ಎರಡು ಜಾತಿ ಪ್ರೋಟೀನ್. ಹುಳಿಯಾದಾಗ ಹೆಪ್ಪುಗಟ್ಟುವುದು ಕೇಸೀನ್. ನೀರಿನ ಜೊತೆ ಹೊರಟು ಹೋಗುವುದು ವ್ಹೇ ಪ್ರೋಟೀನ್, ಅಂದರೆ ಮೊಸರಿನ ತಿಳಿ ನೀರಿನಲ್ಲಿ ಇರುವಂಥದ್ದು. ಹಾಲನ್ನು 80 ಡಿಗ್ರಿ ದಾಟಿಸಿ ಕೆಲವು ನಿಮಿಷ ಇಟ್ಟರೆ ವ್ಹೇ ಪ್ರೋಟೀನ್ ಸುರುಳಿ ಬಿಚ್ಚಿಕೊಂಡು ಕೇಸೀನ್‌ಗೆ ಅಂಟಿಕೊಳ್ಳುತ್ತದೆ. ಆಗ ಮೊಸರಿನ ಬಲೆ ಒತ್ತಾಗಿ ನೇಯ್ದಂತಾಗಿ ನೀರು ಹಿಡಿದಿಡುತ್ತದೆ. 72 ಡಿಗ್ರಿಯ 15 ಸೆಕೆಂಡಿನಲ್ಲಿ ಈ ಕೆಲಸ ಆಗುವುದೇ ಇಲ್ಲ ಅನ್ನಬಹುದು. ಕಾರ್ಖಾನೆಯವರಿಗೂ ಇದು ಗೊತ್ತು. ಮೊಸರಿಗೆ ಬಳಸುವ ಹಾಲನ್ನು ಅವರು 85ರಿಂದ 95 ಡಿಗ್ರಿಯಲ್ಲಿ ಹಲವು ನಿಮಿಷ ಕಾಯಿಸಿಯೇ ಹೆಪ್ಪು ಹಾಕುವುದು.

ಪಾಶ್ಚರೈಸ್ಡ್ ಹಾಲನ್ನು ಕುದಿಸಬೇಕಿಲ್ಲ ಅಂತ ಓದಿ, ಹಾಗೇ ಬೆಚ್ಚಗೆ ಮಾಡಿ ಹೆಪ್ಪು ಹಾಕಿ, "ಈ ಬ್ರ್ಯಾಂಡ್ ಚೆನ್ನಾಗಿಲ್ಲ" ಅಂದವರು ನಿಮ್ಮಲ್ಲೂ ಇರಬಹುದು. ಕುಡಿಯುವುದಕ್ಕೆ ಆ ಮಾತು ಸರಿ, ಹಾಲು ಉದ್ದಕ್ಕೂ ತಣ್ಣಗೆ ಇದ್ದು ಬಂದಿದ್ದರೆ. ಮೊಸರಿಗೆ ಮಾತ್ರ ಕುದಿಸಲೇಬೇಕು. ಬ್ರ್ಯಾಂಡ್ ಬದಲಿಸುವ ಮೊದಲು ಇನ್ನೂ ಹತ್ತು ನಿಮಿಷ ಕಾಯಿಸಿ ನೋಡಿ.

ಹಂತ 5: ಮೊಸರಿನಲ್ಲಿ ಯಾವ ಹೆಪ್ಪು ಇದೆ?

ಲೇಬಲ್‌ನಲ್ಲಿ ಬಹುಪಾಲು "ಆಕ್ಟಿವ್ ಕಲ್ಚರ್" ಅಂತಷ್ಟೇ ಇರುತ್ತದೆ. ಕಲ್ಚರ್ ಅಂದರೆ ಹೆಪ್ಪಿನ ಬ್ಯಾಕ್ಟೀರಿಯಾ. ಇವುಗಳಲ್ಲಿ ಬಿಸಿ ಬಯಸುವವು, ಸಾದಾ ಬೆಚ್ಚಗಿದ್ದರೆ ಸಾಕು ಅನ್ನುವವು ಅಂತ ಎರಡು ಗುಂಪು.

ಯೋಗರ್ಟ್ ಅನ್ನುವ ಹೆಸರು ಹಾಕಬೇಕಾದರೆ ಬಿಸಿ ಗುಂಪಿನ ನಿಗದಿತ ಜೋಡಿ ಬೇಕು: ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್ ಮತ್ತು ಲ್ಯಾಕ್ಟೊಬ್ಯಾಸಿಲಸ್ ಬಲ್ಗೇರಿಕಸ್. ಇವು 42 ಡಿಗ್ರಿ ಸುತ್ತ ನಾಲ್ಕೈದು ಗಂಟೆಯಲ್ಲಿ ಕೆಲಸ ಮುಗಿಸುತ್ತವೆ. ಹುಳಿ ಚುರುಕು. ಎರಡನೆಯ ಗುಂಪಿನ ಲ್ಯಾಕ್ಟೊಕಾಕಸ್ ಜಾತಿಯವು 30 ಡಿಗ್ರಿ ಹತ್ತಿರ ರಾತ್ರಿಯಿಡೀ ನಿಧಾನವಾಗಿ ಕೆಲಸ ಮಾಡುತ್ತವೆ. ಹುಳಿ ಮೃದು, ಕೆಲವು ತಳಿಗಳಲ್ಲಿ ಬೆಣ್ಣೆಯಂಥ ಪರಿಮಳವೂ ಬರುತ್ತದೆ. ಮೊಸರು ಅಂತ ಮಾರುವುದರಲ್ಲಿ ಎರಡರಲ್ಲಿ ಯಾವುದಾದರೂ ಇರಬಹುದು, ಬೆರಕೆಯೂ ಇರಬಹುದು.

ಯಾವ ಗುಂಪು ಅಂತ ಅಂದಾಜು ಮಾಡುವುದು ಸುಲಭ. ಕಾಯಿಸಿ ಬೆಚ್ಚಗೆ ಆರಿಸಿದ ಹಾಲು ಎರಡು ಲೋಟ, ಎರಡಕ್ಕೂ ಆ ಡಬ್ಬಿಯಿಂದ ಒಂದೊಂದು ಚಮಚ. ಒಂದನ್ನು ಬಿಸಿನೀರಿನ ಪಾತ್ರೆಯಲ್ಲಿ ಬೆಚ್ಚಗೆ ಇಡಿ, ನೀರು ಆರಿದಂತೆ ಬದಲಿಸಿ. ಇನ್ನೊಂದನ್ನು ಹೊರಗೆ ಸುಮ್ನೆ ಇಡಿ. ಬೆಚ್ಚಗಿದ್ದದ್ದು ಐದಾರು ಗಂಟೆಯಲ್ಲಿ ಕಟ್ಟಿ, ಹೊರಗಿದ್ದದ್ದು ಇನ್ನೂ ಹಾಲಿನಂತಿದ್ದರೆ ಬಿಸಿ ಗುಂಪು. ಚಳಿಗಾಲದಲ್ಲಿ "ಅಂಗಡಿ ಮೊಸರಿನಿಂದ ಹೆಪ್ಪು ನಿಲ್ಲಲ್ಲ" ಅನ್ನುವುದಕ್ಕೆ ಬಹಳ ಸಲ ಇದೇ ಕಾರಣ. ಲೋಟಕ್ಕೆ ಬಟ್ಟೆ ಸುತ್ತಿದರೆ ಅದೇ ಹೆಪ್ಪು ನಿಲ್ಲುತ್ತದೆ.

ಒಂದು ರಾತ್ರಿ ಕಳೆದರೂ ಎರಡೂ ಲೋಟ ಕಟ್ಟದಿದ್ದರೆ? ಲೇಬಲ್ ಮತ್ತೆ ಓದಿ. "ಹುದುಗಿಸಿದ ನಂತರ ಬಿಸಿ ಸಂಸ್ಕರಣೆ" ಅನ್ನುವ ಅರ್ಥದ ಮಾತು ಇದ್ದರೆ, ಮೊಸರಾದ ಮೇಲೆ ಮತ್ತೆ ಕಾಯಿಸಿ ಬ್ಯಾಕ್ಟೀರಿಯಾಗಳನ್ನು ಕೊಂದಿದ್ದಾರೆ. ತಿನ್ನುವುದಕ್ಕೆ ತೊಂದರೆ ಇಲ್ಲ, ಹೆಪ್ಪಿಗೆ ಮಾತ್ರ ಕೆಲಸಕ್ಕೆ ಬಾರದು.

ಪ್ರೋಬಯಾಟಿಕ್ ಅಂತ ದೊಡ್ಡದಾಗಿ ಬರೆದಿದ್ದರೆ ಹಿಂಭಾಗದಲ್ಲಿ ಬ್ಯಾಕ್ಟೀರಿಯಾದ ಪೂರ್ತಿ ಹೆಸರು ಮತ್ತು ಎಣಿಕೆ ಇದೆಯಾ ನೋಡಿ. ಅವು ಮೊಸರು ಮಾಡುವ ಬ್ಯಾಕ್ಟೀರಿಯಾಗಳ ಜೊತೆಗೆ ಬೇರೆಯಾಗಿ ಸೇರಿಸಿದವು. ಹೆಸರೇ ಇಲ್ಲದಿದ್ದರೆ ನಾನು ಅದಕ್ಕೆ ಜಾಸ್ತಿ ದುಡ್ಡು ಕೊಡುವುದಿಲ್ಲ.

ಹಂತ 6: ತಾರೀಖು ನೋಡದೆ ರುಚಿ ಹೋಲಿಸಬೇಡಿ

ನಾನೇ ಮಾಡಿದ ತಪ್ಪು ಇದು. ಎರಡು ಮೊಸರು ತಂದು ರುಚಿ ನೋಡಿ, ಒಂದು ವಿಪರೀತ ಹುಳಿ ಅಂತ ಬರೆದಿಟ್ಟೆ. ಆಮೇಲೆ ನೋಡಿದರೆ ಅದು ಪ್ಯಾಕ್ ಆಗಿ ಎಂಟು ದಿನ ಆಗಿತ್ತು, ಇನ್ನೊಂದಕ್ಕೆ ಎರಡೇ ದಿನ. ಮೊಸರಿನ ಬ್ಯಾಕ್ಟೀರಿಯಾ ಫ್ರಿಜ್‌ನಲ್ಲಿ ಸಾಯುವುದಿಲ್ಲ, ನಿಧಾನ ಆಗುತ್ತದೆ ಅಷ್ಟೆ. ಬಲ್ಗೇರಿಕಸ್ ಅಂತೂ ತಣ್ಣಗಿದ್ದರೂ ಹುಳಿ ಮಾಡುತ್ತಲೇ ಇರುತ್ತದೆ. ಹಾಗಾಗಿ "ಎಷ್ಟು ದಿನ ಉಳಿದಿದೆ" ಅನ್ನುವುದಕ್ಕಿಂತ "ಪ್ಯಾಕ್ ಆಗಿ ಎಷ್ಟು ದಿನ ಆಯ್ತು" ಅನ್ನುವುದನ್ನು ನೋಡಿ. ಒಂದಕ್ಕೆ ಏಳು ದಿನದ ಬಾಳಿಕೆ, ಇನ್ನೊಂದಕ್ಕೆ ಹದಿನೈದು ದಿನದ್ದು ಇದ್ದಾಗ ಉಳಿದ ದಿನ ಸಮ ಇದ್ದರೂ ವಯಸ್ಸು ಸಮ ಇರುವುದಿಲ್ಲ.

ಹಾಲಿನಲ್ಲಿ ತಾರೀಖಿನ ಪಕ್ಕದ ಸಣ್ಣ ಸಾಲೂ ಮುಖ್ಯ. ಇಷ್ಟು ಡಿಗ್ರಿಗಿಂತ ಕೆಳಗೆ ಇಡಿ ಅಂತ ಬರೆದಿರುತ್ತದೆ. ಬಾಳಿಕೆಯ ಲೆಕ್ಕ ಆ ತಂಪಿಗೆ ಮಾತ್ರ ಅನ್ವಯ. ಎರಡು ಗಂಟೆ ಬಿಸಿಲಲ್ಲಿ ಕ್ರೇಟಿನೊಳಗೆ ಕೂತ ಹಾಲಿಗೆ ಮುದ್ರಿಸಿದ ತಾರೀಖು ಲೆಕ್ಕಕ್ಕಿಲ್ಲ. ಕಾಯಿಸುವಾಗ ಒಡೆದರೆ ಬ್ರ್ಯಾಂಡನ್ನು ಬೈಯುವ ಮೊದಲು, ಅದು ನಿಮ್ಮ ಕೈಗೆ ಬಂದಾಗ ತಣ್ಣಗಿತ್ತಾ ಅಂತ ನೆನಪಿಸಿಕೊಳ್ಳಿ.

ಕೆಟ್ಟಿದ್ದು ಯಾವುದು, ಕೆಡದಿದ್ದು ಯಾವುದು? ಮೊಸರಿನ ಮೇಲೆ ತಿಳಿ ನೀರು ನಿಂತಿದ್ದರೆ ಕೆಟ್ಟಿಲ್ಲ, ಸಾಗಣೆಯಲ್ಲಿ ಅಲುಗಾಡಿದೆ, ಅಷ್ಟೆ. ಹೊಸ ಮೊಸರು ಚಮಚದಿಂದ ಎತ್ತಿದಾಗ ಸ್ವಲ್ಪ ಎಳೆ ಬಂದರೂ ಗಾಬರಿ ಬೇಡ. ಗಟ್ಟಿ ಬರಲಿ ಅಂತ ಲೋಳೆಯಂಥ ಎಳೆ ಬಿಡುವ ತಳಿಗಳನ್ನು ಕೆಲವು ಕಡೆ ಬೇಕೆಂದೇ ಬಳಸುತ್ತಾರೆ. ಆದರೆ ಪ್ಯಾಕೆಟ್ ಉಬ್ಬಿದ್ದರೆ, ಬಣ್ಣದ ಬೂಷ್ಟು ಕಂಡರೆ, ಹೆಂಡದಂಥ ವಾಸನೆ ಬಂದರೆ ಚೆಲ್ಲಿ. ಬೂಷ್ಟನ್ನು ಮೇಲಿಂದ ತೆಗೆದು ಕೆಳಗಿನದು ತಿನ್ನುವ ಲೆಕ್ಕ ಬೇಡ.

ಯುಎಚ್‌ಟಿ ಹಾಲು ಕೆಡುವ ರೀತಿ ಬೇರೆ. ಹುಳಿ ವಾಸನೆ ಬರದೆಯೇ ಕಹಿಯಾಗಬಹುದು, ತಳದಲ್ಲಿ ಲೋಳೆಯಂತೆ ಗಟ್ಟಿಯಾಗಬಹುದು. ಕಾಯಿಸುವ ಮೊದಲೇ ಹಸಿ ಹಾಲಿನಲ್ಲಿದ್ದ ಬ್ಯಾಕ್ಟೀರಿಯಾ ಬಿಟ್ಟುಹೋದ ಕಿಣ್ವಗಳು ಅಷ್ಟು ಬಿಸಿಯನ್ನೂ ತಡೆದುಕೊಂಡು ತಿಂಗಳುಗಟ್ಟಲೆ ಪ್ರೋಟೀನನ್ನು ಕಡಿಯುತ್ತಾ ಹೋಗುತ್ತವೆ. ಬಾಳಿಕೆಯ ಕೊನೆಯ ವಾರಗಳಲ್ಲಿ ಇದು ಕಾಣುವುದು ಜಾಸ್ತಿ. ಆದ್ದರಿಂದ ತಿಂಗಳುಗಟ್ಟಲೆ ಇಡಲು ಡಬ್ಬ ತರುವವರು ಕಪಾಟಿನ ಹಿಂದಿನ ಸಾಲಿನಿಂದ ಹೊಸ ತಾರೀಖಿನದನ್ನೇ ಎತ್ತಿಕೊಳ್ಳಿ, ಮತ್ತು ಒಡೆದ ಮೇಲೆ ಕಾಫಿಗೆ ಸುರಿಯುವ ಮೊದಲು ಅರ್ಧ ಚಮಚ ಬಾಯಿಗೆ ಹಾಕಿ ನೋಡಿ.